ಹೊಸ ವಾಷಿಂಗ್ ಮೆಷಿನ್ ಗೋಡೆಗೆ ಬಡಿದು ಹಾಳಾಗಿದೆ: ಫೋಟೋ, ಬಿಲ್ ಹಾಕಿದ್ದೇನೆ, ಅಂಗಡಿಗೆ ಬರೆಯುವ ಪತ್ರ ತಿದ್ದಿಕೊಡಿ

ಸುಮಾ

ಎಲ್ಲರಿಗೂ ನಮಸ್ಕಾರ. ಮುಂದಿನಿಂದ ಬಟ್ಟೆ ಹಾಕುವ ಹೊಸ ವಾಷಿಂಗ್ ಮೆಷಿನ್ ತೆಗೆದುಕೊಂಡಿದ್ದೆವು. ಅಂಗಡಿಯವರೇ ತಂದು, ಕೂರಿಸಿ, ನಲ್ಲಿಗೆ ಪೈಪ್ ಜೋಡಿಸಿ ಹೋದರು. ಮೊದಲ ಸಲದಿಂದಲೇ ಸ್ಪಿನ್ ಶುರುವಾದರೆ ಇಡೀ ಮೆಷಿನ್ ಅದುರುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ "ಹೊಸದಲ್ವಾ, ನಾಲ್ಕು ಸಲ ಓಡಿದರೆ ಸರಿಹೋಗುತ್ತೆ" ಅಂದರು. ಸರಿಹೋಗಲಿಲ್ಲ. ಕಳೆದ ವಾರ ಸ್ಪಿನ್ ನಡೆಯುವಾಗ ಜಾಗ ಬಿಟ್ಟು ಸರಿದು ಗೋಡೆಗೆ ಬಡಿಯಿತು. ಎಡಬದಿಯ ತಗಡು ತಗ್ಗಾಗಿದೆ, ಬಾಗಿಲಿನ ರಬ್ಬರ್ ಹರಿದಿದೆ, ಕೆಳಗೆ ನೀರು ನಿಂತಿದೆ. ಈಗ ಅಂಗಡಿಯವರು "ತಗ್ಗು ಬಿದ್ದಿದ್ದರೆ ವಾರಂಟಿ ಬರಲ್ಲ" ಅನ್ನುತ್ತಿದ್ದಾರೆ.

ಆರು ಫೋಟೋ ಹಾಕಿದ್ದೇನೆ. 1 ಬಿಲ್, 2 ತಗ್ಗು, 3 ರಬ್ಬರ್, 4 ಹಿಂಬದಿ, 5 ನೆಲದ ನೀರು, 6 ಬಾಗಿಲ ಒಳಗಿನ ಚೀಟಿ. ನಾನು ಬರೆದಿರುವ ಪತ್ರ ಇದು:

"ನೀವು ಕೊಟ್ಟ ಮೆಷಿನ್ ತೀರಾ ಕಳಪೆ. ಮೊದಲ ದಿನದಿಂದ ತೊಂದರೆ. ಎಷ್ಟು ಸಲ ಹೇಳಿದರೂ ನೀವು ಕೇಳಲಿಲ್ಲ. ಮೋಟರ್ ಕೆಟ್ಟಿದ್ದರಿಂದ ಮೆಷಿನ್ ಒಡೆದುಹೋಗಿದೆ. ನಮಗೆ ಆದ ನಷ್ಟ, ಮಾನಸಿಕ ಹಿಂಸೆ ಎಲ್ಲಕ್ಕೂ ನೀವೇ ಹೊಣೆ. ಕೂಡಲೇ ಸರಿಮಾಡದಿದ್ದರೆ ಮುಂದಿನ ಕ್ರಮ ಜರುಗಿಸಬೇಕಾಗುತ್ತದೆ."

ಇದಕ್ಕಿಂತ ಗಟ್ಟಿಯಾಗಿ ಹೇಗೆ ಬರೆಯಲಿ?

ನಾಗರಾಜ

ಅಕ್ಕಾ, ಅದುರೋದಕ್ಕೆ ಕಾಲುಗಳು ಸಮ ಇಲ್ಲದಿರೋದೇ ಕಾರಣ. ಕೆಳಗಿನ ನಾಲ್ಕು ಕಾಲನ್ನೂ ತಿರುಗಿಸಿ ಮಟ್ಟ ಮಾಡಿ. ಅಡಿಗೆ ರಬ್ಬರ್ ಚಾಪೆ ಹಾಕಿ. ನಮ್ಮ ಮನೆಯ ಮೇಲಿಂದ ಬಟ್ಟೆ ಹಾಕುವ ಮೆಷಿನ್ ಹಾಗೇ ಸರಿಯಾಯಿತು. ಪತ್ರ ಎಲ್ಲ ಬೇಕಾಗಿಲ್ಲ.

ಸುಮಾ

ನಾಗರಾಜ್ ಅವರೇ, ಧನ್ಯವಾದ. ಆದರೆ ಈಗಾಗಲೇ ಒಡೆದಿರುವುದಕ್ಕೆ ಏನು ಮಾಡಬೇಕು ಅನ್ನೋದು ನನ್ನ ಪ್ರಶ್ನೆ.

ಪಾನಾ

ಮೇಡಂ, ನಾನು ಇದೇ ರಿಪೇರಿ ಕೆಲಸದಲ್ಲಿ ಇರುವವನು. ನಾಲ್ಕನೇ ಫೋಟೋ ದೊಡ್ಡದು ಮಾಡಿ ನೋಡಿ. ಹಿಂಬದಿಯ ತಗಡಿನಲ್ಲಿ ಪೈಪಿನ ಎರಡೂ ಕಡೆ ದಪ್ಪ ಬೋಲ್ಟ್ ತಲೆಗಳು ಕಾಣುತ್ತವೆ, ಅದರ ಸುತ್ತ ಪ್ಲಾಸ್ಟಿಕ್ ತೋಳು ಇದೆ. ನನಗೆ ಮೂರು ಸ್ಪಷ್ಟವಾಗಿ ಕಾಣುತ್ತಿವೆ, ನಾಲ್ಕನೆಯದು ಪೈಪಿನ ಹಿಂದೆ ಇರಬಹುದು. ಅವು ಟ್ರಾನ್ಸಿಟ್ ಬೋಲ್ಟ್‌ಗಳು. ಮೆಷಿನ್ ಓಡಿಸುವ ಮೊದಲು ತೆಗೆಯಬೇಕಾದವು. ನಿಮ್ಮಲ್ಲಿ ತೆಗೆದೇ ಇಲ್ಲ.

ಒಳಗೆ ಆಗುವುದು ಹೀಗೆ. ಡ್ರಮ್ ಇರುವ ದೊಡ್ಡ ತೊಟ್ಟಿ ಮೇಲಿನಿಂದ ಸ್ಪ್ರಿಂಗ್‌ಗಳಲ್ಲಿ ನೇತಾಡುತ್ತದೆ, ಕೆಳಗಿನಿಂದ ಡ್ಯಾಂಪರ್‌ಗಳು ಹಿಡಿದಿರುತ್ತವೆ. ಸ್ಪಿನ್‌ನಲ್ಲಿ ನಿಮಿಷಕ್ಕೆ ಸಾವಿರ ಸುತ್ತು, ಕೆಲವು ಮಾದರಿಗಳಲ್ಲಿ ಇನ್ನೂ ಜಾಸ್ತಿ ತಿರುಗುವಾಗ, ಬಟ್ಟೆ ಒಂದು ಕಡೆ ಗುಂಪಾದರೆ ತೊಟ್ಟಿ ಒಳಗೇ ಅಲ್ಲಾಡುತ್ತದೆ, ಹೊರಗಿನ ಪೆಟ್ಟಿಗೆಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಲಾರಿಯಲ್ಲಿ ತರುವಾಗ ಮಾತ್ರ ತೊಟ್ಟಿ ಅಲ್ಲಾಡಿ ಮುರಿಯಬಾರದು ಅಂತ ಅದನ್ನು ಹಿಂಬದಿ ತಗಡಿಗೆ ಬಿಗಿದಿರುತ್ತಾರೆ. ಆ ಬೋಲ್ಟ್ ಬಿಚ್ಚದೆ ಓಡಿಸಿದರೆ ಸ್ಪ್ರಿಂಗೂ ಡ್ಯಾಂಪರೂ ಇದ್ದೂ ಇಲ್ಲದಂತೆ. ಅದುರುವುದೆಲ್ಲ ಪೆಟ್ಟಿಗೆಗೇ ಹೋಗುತ್ತದೆ. ಮೆಷಿನ್ ನಡೆಯಲು ಶುರುಮಾಡುತ್ತದೆ. ಇದನ್ನು ಚಾಪೆ ಹಾಕಿ ನಿಲ್ಲಿಸಲು ಆಗಲ್ಲ.

ಖಚಿತ ಮಾಡಿಕೊಳ್ಳಲು ಪ್ಲಗ್ ಕಿತ್ತು, ಬಾಗಿಲು ತೆಗೆದು, ಡ್ರಮ್‌ನ ಮೇಲಂಚನ್ನು ಕೈಯಿಂದ ಮೇಲಕ್ಕೆ ಕೆಳಕ್ಕೆ ತಳ್ಳಿ. ಬೋಲ್ಟ್ ಇಲ್ಲದ ಮೆಷಿನ್‌ನಲ್ಲಿ ಡ್ರಮ್ ಮಾತ್ರ ತೂಗುತ್ತದೆ. ಬೋಲ್ಟ್ ಇದ್ದರೆ ಡ್ರಮ್ ಬಿಗಿಯಾಗಿರುತ್ತದೆ, ಇಡೀ ಪೆಟ್ಟಿಗೆಯೇ ಅಲುಗುತ್ತದೆ. ದಯವಿಟ್ಟು ಬೋಲ್ಟ್ ಮುಟ್ಟಬೇಡಿ, ಮೆಷಿನ್ ಮತ್ತೆ ಓಡಿಸಬೇಡಿ. ವಿಡಿಯೋ ಮಾಡೋಣ ಅಂತಲೂ ಓಡಿಸಬೇಡಿ. ನೀರು ಸೋರುತ್ತಿರುವ ಮೆಷಿನ್‌ಗೆ ಕರೆಂಟ್ ಕೊಡುವುದು ಅಪಾಯ.

ಸುಮಾ

ಸರ್, ಈಗಷ್ಟೇ ತಳ್ಳಿ ನೋಡಿದೆ. ಡ್ರಮ್ ಒಂಚೂರೂ ತೂಗಲ್ಲ, ಮೆಷಿನ್ ಪೂರ್ತಿ ಅಲುಗುತ್ತೆ. ಪೈಪ್ ಸರಿಸಿ ನೋಡಿದರೆ ನಾಲ್ಕನೇ ಬೋಲ್ಟೂ ಇದೆ. ಹಿಂಬದಿಯ ಫೋಟೋ ತೆಗೆದದ್ದೇ ಗೋಡೆಯ ಗೀರು ತೋರಿಸಲು. ಇದು ಗೊತ್ತೇ ಇರಲಿಲ್ಲ.

ನಾಗರಾಜ

ಮೇಲಿಂದ ಬಟ್ಟೆ ಹಾಕುವ ನಮ್ಮ ಮೆಷಿನ್‌ನಲ್ಲಿ ಇಂಥ ಬೋಲ್ಟ್ ಇರಲಿಲ್ಲ. ಹಾಗಿದ್ದರೆ ಬಿಚ್ಚಿಬಿಡಿ ಅಕ್ಕಾ, ಐದು ನಿಮಿಷದ ಕೆಲಸ, ಮೆಷಿನ್ ಸರಿಯಾಗುತ್ತೆ.

ಕಡತ

ಬೇಡ. ಬೋಲ್ಟ್ ಅಲ್ಲೇ ಇರುವುದೇ ಈಗ ಇವರ ಕೈಯಲ್ಲಿರುವ ದೊಡ್ಡ ಸಾಕ್ಷಿ. ಬಿಚ್ಚಿದ ಮೇಲೆ "ನೀವೇ ಏನೋ ಮಾಡಿದ್ದೀರಿ" ಅನ್ನುವುದು ಸುಲಭ. ನಾನು ಒಂದು ಕಚೇರಿಯಲ್ಲಿ ದೂರುಗಳನ್ನು ಓದುವ ಕೆಲಸ ಮಾಡಿದವನು, ಅದರಿಂದ ಪತ್ರದ ಬಗ್ಗೆ ಹೇಳುತ್ತೇನೆ.

ಸುಮಾ ಅವರೇ, ನಿಮ್ಮ ಪತ್ರದಲ್ಲಿ ಕೋಪ ಇದೆ, ಅದು ನ್ಯಾಯವೇ. ಆದರೆ ಓದುವವರ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಯಾವ ಮೆಷಿನ್, ಯಾವ ದಿನ, ಏನು ಬೇಕು, ಒಂದೂ ಇಲ್ಲ. ಇರುವ ಒಂದೇ ಕಾರಣ "ಮೋಟರ್ ಕೆಟ್ಟಿದೆ" ಅನ್ನುವುದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಅವರ ಮೆಕ್ಯಾನಿಕ್ ಬಂದು "ಮೋಟರ್ ಚೆನ್ನಾಗಿದೆ" ಎಂದು ಬರೆದುಕೊಟ್ಟರೆ ಇಡೀ ಪತ್ರ ಬಿದ್ದುಹೋಗುತ್ತದೆ, ಅದೂ ಒಂದೇ ಸಾಲಿನಲ್ಲಿ. ಕಣ್ಣಿಗೆ ಕಾಣುವುದನ್ನಷ್ಟೇ ಬರೆಯಿರಿ. ಪ್ರತಿ ಸಾಲಿನ ಎದುರು ಅದನ್ನು ತೋರಿಸುವ ಚಿತ್ರದ ಸಂಖ್ಯೆ ಹಾಕಿ. ಚಿತ್ರ ಇಲ್ಲದ ಮಾತಿಗೆ ಬೇರೆ ಆಧಾರ ಇದ್ದರೆ ಅದನ್ನು ಹೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಈಗ ಫೋಟೋ. ಬಿಲ್‌ನ ಚಿತ್ರದಲ್ಲಿ ಕೆಳಗಿನ ಕಾಲು ಭಾಗ ಕತ್ತರಿಸಿಹೋಗಿದೆ. ಸಾಮಾನ್ಯವಾಗಿ ಸೀರಿಯಲ್ ನಂಬರ್, ಷರತ್ತುಗಳು ಇರುವುದು ಅಲ್ಲೇ. ನಾಲ್ಕೂ ಮೂಲೆ ಬರುವಂತೆ, ಫ್ಲಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ನೇರವಾಗಿ ತೆಗೆಯಿರಿ. ಆರನೇ ಚಿತ್ರ ಮಸುಕು. ಅಲ್ಲಿ ಮಾದರಿ ಸಂಖ್ಯೆಯ ಕೊನೆಯ ಗುರುತು 8 ಇದ್ದಂತೆ ಕಾಣುತ್ತದೆ, ಬಿಲ್‌ನಲ್ಲಿ ಅದೇ ಜಾಗದಲ್ಲಿ ಇಂಗ್ಲಿಷಿನ ಬಿ ಅಕ್ಷರ ಇದೆ. ಎರಡೂ ಹೊಂದದಿದ್ದರೆ "ಇದು ನಾವು ಮಾರಿದ ಮೆಷಿನ್ ಅಲ್ಲ" ಎಂಬ ಮಾತು ಬರಬಹುದು. ಮತ್ತೊಮ್ಮೆ ನೋಡಿ ಹೇಳಿ.

ಇನ್ನೊಂದು: ಬಿಲ್‌ನಲ್ಲಿ ನಿಮ್ಮ ಫೋನ್ ನಂಬರ್, ವಿಳಾಸ ಕಾಣುತ್ತಿದೆ. ಇಲ್ಲಿಂದ ಆ ಚಿತ್ರ ತೆಗೆದು, ಅವನ್ನು ಮುಚ್ಚಿ ಮತ್ತೆ ಹಾಕಿ. ಅಂಗಡಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಏನನ್ನೂ ಮುಚ್ಚಬೇಡಿ.

ಸುಮಾ

ಬದಲಿಸಿದ್ದೇನೆ ಸರ್. ಚೀಟಿಯನ್ನು ಬಟ್ಟೆಯಿಂದ ಒರೆಸಿ ಹತ್ತಿರದಿಂದ ತೆಗೆದೆ. ಅದು ಬಿ ಅಕ್ಷರವೇ, 8 ಅಲ್ಲ. ಬಿಲ್‌ಗೆ ಸರಿಹೊಂದುತ್ತದೆ. ಸೀರಿಯಲ್ ನಂಬರ್ ಬಿಲ್‌ನ ಕೆಳಭಾಗದಲ್ಲಿ ಸಿಕ್ಕಿತು, ಅದೂ ಒಂದೇ.

ಗೀತಾ ಎಸ್.

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಫ್ರಿಜ್‌ದೂ ಹೀಗೇ ಆಯಿತು. ಬಿಲ್ ಎತ್ತಿಟ್ಟಿದ್ದೆವು, ತೆಗೆದು ನೋಡಿದರೆ ಬಿಳಿ ಕಾಗದ! ಒಂದು ಅಕ್ಷರವೂ ಇಲ್ಲ. ಅಂಗಡಿಯವರು ಬಿಲ್ ಇಲ್ಲದೆ ಮಾತೇ ಆಡಲಿಲ್ಲ. ನಮಗೆ ಏನಾದರೂ ದಾರಿ ಇದೆಯಾ?

ಕಡತ

ಗೀತಾ ಅವರೇ, ಹಣ ಕಾರ್ಡ್‌ನಲ್ಲೋ ಬ್ಯಾಂಕಿನಿಂದಲೋ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ದಿನ, ಮೊತ್ತ ಇರುತ್ತದೆ. ಅದನ್ನು ಇಟ್ಟುಕೊಂಡು ಬಿಲ್‌ನ ನಕಲು ಕೊಡಿ ಎಂದು ಅಂಗಡಿಗೆ ಬರವಣಿಗೆಯಲ್ಲಿ ಕೇಳಿ. ಅವರ ಕಂಪ್ಯೂಟರ್‌ನಲ್ಲಿ ಉಳಿದಿರುವ ಸಾಧ್ಯತೆ ಇದೆ. ಆ ನುಣುಪು ಕಾಗದದಲ್ಲಿ ಶಾಯಿ ಇರುವುದಿಲ್ಲ, ಶಾಖಕ್ಕೆ ಕಾಗದವೇ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಎಣ್ಣೆ, ಕೆಲವು ಪ್ಲಾಸ್ಟಿಕ್ ಚೀಲಗಳು ಕೂಡ ಅಕ್ಷರವನ್ನು ಅಳಿಸುತ್ತವೆ. ಸುಮಾ ಅವರದ್ದೂ ಅದೇ ಕಾಗದ ಅನ್ನಿಸುತ್ತದೆ, ಈಗಲೇ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆ ಶಾಖಕ್ಕೆ ಇಡೀ ಬಿಲ್ ಕಪ್ಪಾಗುತ್ತದೆ. ಅಸಲು ಬಿಲ್ ಯಾರಿಗೂ ಕೊಡಬೇಡಿ.

ವಿನಯ್

ಅಂಗಡಿಗೆ ಬರೆದು ಪ್ರಯೋಜನ ಇಲ್ಲ. ವಾರಂಟಿ ಕೊಡುವುದು ಮೆಷಿನ್ ತಯಾರಿಸಿದ ಕಂಪನಿ. ಕಂಪನಿಗೇ ಬರೆಯಿರಿ. ಇನ್ನು ಬೋಲ್ಟ್ ವಿಷಯ ಬರೆದರೆ ನಿಮಗೇ ತಿರುಗುತ್ತದೆ. ಬೋಲ್ಟ್ ತೆಗೆಯುವುದು ಬಳಸುವವರ ಕೆಲಸ ಅಂತ ಕೈಪಿಡಿಯಲ್ಲೇ ಇರುತ್ತೆ.

ಪಾನಾ

ವಿನಯ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಬೋಲ್ಟ್ ತೆಗೆದು, ತೂತುಗಳಿಗೆ ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಹಾಕಿ ಅಂತ ಕೈಪಿಡಿಯಲ್ಲಿ ಇರುವುದು ನಿಜ. ಅದನ್ನೇ ಕಂಪನಿ ಎತ್ತಿ ಹಿಡಿಯುತ್ತದೆ, ಯಾಕೆಂದರೆ ಇದು ತಯಾರಿಕೆಯ ದೋಷ ಅಲ್ಲ. ಬರೀ ಕಂಪನಿಗೆ ಬರೆದರೆ "ಅಳವಡಿಸಿದ್ದರಲ್ಲಿ ತಪ್ಪು" ಅಂತ ಉತ್ತರ ಬರುತ್ತದೆ. ಹಾಗಾಗಿಯೇ ಇಲ್ಲಿ ಅಂಗಡಿ ಮುಖ್ಯ. ಮೆಷಿನ್ ಕೂರಿಸಿದವರು ಅವರ ಜನ. ಬಳಸುವವರೇ ಕೂರಿಸಿಕೊಂಡಿದ್ದರೆ ಮಾತು ಬೇರೆ.

ವಿನಯ್

ಒಪ್ಪಿದೆ. ಆದರೆ ಅವರ ಜನ ಕೂರಿಸಿದರು ಅನ್ನುವುದಕ್ಕೆ ಪುರಾವೆ ಏನು? "ನಾವು ಬಾಗಿಲಿಗೆ ಇಳಿಸಿ ಬಂದೆವು ಅಷ್ಟೇ" ಅಂದರೆ?

ಕಡತ

ಅದೇ ನಿಜವಾದ ಪ್ರಶ್ನೆ. ಸುಮಾ ಅವರೇ, ಹೊಸದಾಗಿ ಹಾಕಿದ ಬಿಲ್‌ನ ಚಿತ್ರದಲ್ಲಿ ಬಲ ಮೂಲೆ ನೋಡಿ. ಬಿಲ್‌ನ ಹಿಂದೆ ಇನ್ನೊಂದು ಹಳದಿ ಕಾಗದ ಪಿನ್ ಮಾಡಿದ ಹಾಗಿದೆ, ಅದರ ಅಂಚಿನಲ್ಲಿ ಒಂದು ಚೌಕ, ಅದರಲ್ಲಿ ಟಿಕ್ ಗುರುತು. ಅದೇನು?

ಸುಮಾ

ಅಯ್ಯೋ, ಅದು ಡೆಲಿವರಿ ಚೀಟಿ. ಬಿಲ್ ಜೊತೆ ಪಿನ್ ಹಾಕಿಟ್ಟಿದ್ದೆ. ಬಿಚ್ಚಿ ನೋಡಿದೆ. "ಮೆಷಿನ್ ಅಳವಡಿಸಿ, ಓಡಿಸಿ ತೋರಿಸಲಾಗಿದೆ" ಅಂತ ಇದೆ, ಎದುರಿಗೆ ಟಿಕ್. ಕೆಳಗೆ ಅಂಗಡಿಯವರ ಸಹಿ, ನನ್ನ ಸಹಿ, ದಿನಾಂಕ ಕೂಡ ಇದೆ!

ಕಡತ

ಹಾಗಾದರೆ ಪತ್ರದ ಬೆನ್ನೆಲುಬು ಸಿಕ್ಕಿತು. ಚೀಟಿಯ ಎರಡೂ ಬದಿ ಫೋಟೋ ತೆಗೆಯಿರಿ. ಅದು ಚಿತ್ರ 7. ಬೋಲ್ಟ್‌ಗಳದ್ದು ಎರಡು ಬಗೆ ಬೇಕು: ಇಡೀ ಹಿಂಬದಿ ಕಾಣುವಂತೆ ದೂರದಿಂದ ಒಂದು, ಪ್ರತಿ ಬೋಲ್ಟ್‌ನ ಹತ್ತಿರದಿಂದ ಒಂದೊಂದು. ಹತ್ತಿರದ ಚಿತ್ರ ಮಾತ್ರ ಕಳಿಸಿದರೆ ಅದು ಯಾವ ಮೆಷಿನ್‌ದು ಅಂತ ಗೊತ್ತಾಗುವುದಿಲ್ಲ. ಬಾಣದ ಗುರುತು, ಸುತ್ತು ಹಾಕುವುದಿದ್ದರೆ ನಕಲು ಪ್ರತಿಯ ಮೇಲೆ ಹಾಕಿ. ಅಸಲು ಫೈಲನ್ನು ಕತ್ತರಿಸಬೇಡಿ, ಬೆಳಕು ಹೆಚ್ಚಿಸಬೇಡಿ. ಮೆಸೇಜ್ ಆ್ಯಪ್‌ಗಳಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ ಮತ್ತು ಹೊತ್ತಿನ ದಾಖಲೆಯೂ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಈಮೇಲ್‌ಗೆ ಅಸಲು ಫೈಲ್‌ಗಳನ್ನೇ ಲಗತ್ತಿಸಿ.

ಪಾನಾ

ರಬ್ಬರ್ ಬಗ್ಗೆ ಒಂದು ಎಚ್ಚರಿಕೆ. ಅದು ಬೋಲ್ಟ್‌ನಿಂದಲೇ ಹರಿಯಿತು ಅಂತ ಬರೆಯಬೇಡಿ. ಮೂರನೇ ಚಿತ್ರದಲ್ಲಿ ಹರಿದಿರುವುದು ಕೆಳಗಿನ ಮಡಿಕೆಯಲ್ಲಿ, ಅಂಚು ಸ್ವಲ್ಪ ನೇರವಾಗಿದೆ. ಜಿಪ್ ಅಥವಾ ಬ್ರಾ ಕಂಬಿ ಸಿಕ್ಕಿಕೊಂಡರೂ ಹೀಗೆ ಆಗುತ್ತದೆ. ಮೆಷಿನ್ ಬಡಿದಾಗ ಆಗಿರಲೂಬಹುದು. ಚಿತ್ರ ನೋಡಿ ಹೇಳಲು ಆಗಲ್ಲ. ಬೋಲ್ಟ್ ಪಕ್ಕದ ತಗಡು ಮಾತ್ರ ಬೇರೆ ಕಥೆ. ಎಡಗಡೆ ಮೇಲಿನ ಬೋಲ್ಟ್ ಸುತ್ತ ಬಣ್ಣ ಎದ್ದು ತಗಡು ಉಬ್ಬಿದೆ. ಅಲ್ಲಿ ಎಳೆತ ಬಿದ್ದಿದೆ ಅನ್ನುವುದು ಕಾಣುತ್ತದೆ. ಅದರ ಹತ್ತಿರದ ಫೋಟೋ ಖಂಡಿತ ಬೇಕು.

ಕಡತ

ಇದೆಲ್ಲ ಸೇರಿಸಿ ಬರೆದಿದ್ದೇನೆ. ನಿಮ್ಮ ಹೆಸರು, ವಿಳಾಸ, ಸಂಖ್ಯೆಗಳನ್ನು ನೀವೇ ತುಂಬಿ.

> ವಿಷಯ: ಬಿಲ್ ಸಂಖ್ಯೆ ____, ದಿನಾಂಕ ____ ರಂದು ಖರೀದಿಸಿದ ವಾಷಿಂಗ್ ಮೆಷಿನ್ (ಮಾದರಿ ____, ಸೀರಿಯಲ್ ನಂಬರ್ ____) ಅಳವಡಿಕೆಯಲ್ಲಿನ ದೋಷದ ಬಗ್ಗೆ ದೂರು
>
> ಮಾನ್ಯರೇ,
>
> ಮೇಲಿನ ಮೆಷಿನ್ ಅನ್ನು ನಿಮ್ಮ ಅಂಗಡಿಯಿಂದ ಖರೀದಿಸಿದ್ದೇನೆ (ಚಿತ್ರ 1). ಮಾದರಿ ಮತ್ತು ಸೀರಿಯಲ್ ನಂಬರ್ ಮೆಷಿನ್ ಮೇಲಿನ ಚೀಟಿಯಲ್ಲಿ ಇರುವಂತೆಯೇ ಇವೆ (ಚಿತ್ರ 6). ದಿನಾಂಕ ____ ರಂದು ನಿಮ್ಮ ಸಿಬ್ಬಂದಿ ಅದನ್ನು ಅಳವಡಿಸಿ, ಓಡಿಸಿ ತೋರಿಸಿ, ಚೀಟಿಗೆ ಸಹಿ ಮಾಡಿದ್ದಾರೆ (ಚಿತ್ರ 7).
>
> ಮೊದಲ ಬಳಕೆಯಿಂದಲೇ ಸ್ಪಿನ್ ವೇಳೆ ಮೆಷಿನ್ ಜೋರಾಗಿ ಅದುರುತ್ತಿತ್ತು. ಇದನ್ನು ದಿನಾಂಕ ____ ರಂದು ನಿಮಗೆ ಫೋನ್‌ನಲ್ಲಿ ತಿಳಿಸಿದ್ದೇನೆ. ದಿನಾಂಕ ____ ರಂದು ಸ್ಪಿನ್ ವೇಳೆ ಮೆಷಿನ್ ಜಾಗ ಬಿಟ್ಟು ಸರಿದು ಗೋಡೆಗೆ ಬಡಿಯಿತು. ಅಂದಿನಿಂದ ಅದನ್ನು ಬಳಸಿಲ್ಲ.
>
> ಮೆಷಿನ್‌ನ ಹಿಂಬದಿಯಲ್ಲಿ ನಾಲ್ಕು ಟ್ರಾನ್ಸಿಟ್ ಬೋಲ್ಟ್‌ಗಳು ಈಗಲೂ ಇವೆ (ಚಿತ್ರ 4, 8). ಓಡಿಸುವ ಮೊದಲು ಇವನ್ನು ತೆಗೆಯಬೇಕೆಂದು ಮೆಷಿನ್ ಜೊತೆ ಬಂದ ಕೈಪಿಡಿ ಹೇಳುತ್ತದೆ (ಪುಟದ ನಕಲು ಲಗತ್ತಿಸಿದೆ). ನಾನು ಅವನ್ನು ಮುಟ್ಟಿಲ್ಲ, ನಿಮ್ಮ ಪರಿಶೀಲನೆಗೆ ಹಾಗೇ ಬಿಟ್ಟಿದ್ದೇನೆ.
>
> ಈಗ ಕಾಣುವ ಹಾನಿ: ಎಡಬದಿಯ ತಗಡು ತಗ್ಗಾಗಿದೆ (ಚಿತ್ರ 2). ಹಿಂಬದಿಯ ಎಡ ಮೇಲಿನ ಬೋಲ್ಟ್ ಸುತ್ತ ತಗಡು ಉಬ್ಬಿ ಬಣ್ಣ ಎದ್ದಿದೆ (ಚಿತ್ರ 9). ಬಾಗಿಲಿನ ರಬ್ಬರ್ ಕೆಳಭಾಗದಲ್ಲಿ ಹರಿದಿದೆ (ಚಿತ್ರ 3). ಮೆಷಿನ್ ಕೆಳಗೆ ನೀರು ನಿಂತಿತ್ತು (ಚಿತ್ರ 5). ಒಳಭಾಗದ ಹಾನಿಯನ್ನು ನಾನು ಪರಿಶೀಲಿಸಲು ಸಾಧ್ಯವಿಲ್ಲ.
>
> ತಗ್ಗಿನ ಕಾರಣ ವಾರಂಟಿ ಅನ್ವಯಿಸುವುದಿಲ್ಲ ಎಂದು ನೀವು ಫೋನ್‌ನಲ್ಲಿ ಹೇಳಿದ್ದೀರಿ. ನನ್ನ ದೂರು ನಿಮ್ಮ ಸಿಬ್ಬಂದಿ ಮಾಡಿದ ಅಳವಡಿಕೆಯ ಬಗ್ಗೆ. ಆದ್ದರಿಂದ ಮೆಷಿನ್ ಬದಲಿಸಿಕೊಡಬೇಕೆಂದು ಕೋರುತ್ತೇನೆ. ಈ ಪತ್ರ ತಲುಪಿದ 10 ದಿನಗಳ ಒಳಗೆ ಬರವಣಿಗೆಯಲ್ಲಿ ಉತ್ತರ ನೀಡಿ.

ಕೈಪಿಡಿಯ ಆ ಪುಟವನ್ನು ನೀವೇ ಕಣ್ಣಾರೆ ನೋಡಿ ಆಮೇಲೆ ಆ ಸಾಲು ಉಳಿಸಿಕೊಳ್ಳಿ. ಫೋನ್ ಮಾಡಿದ ದಿನಾಂಕ ಮೊಬೈಲ್‌ನ ಕರೆಗಳ ಪಟ್ಟಿಯಲ್ಲಿ ಸಿಗುತ್ತದೆ, ಅದರ ಸ್ಕ್ರೀನ್‌ಶಾಟ್ ಕೂಡ ಲಗತ್ತಿಸಿ.

ವಿನಯ್

ಚೆನ್ನಾಗಿದೆ. ಕೈಪಿಡಿಯನ್ನು ನೀವೇ ಮುಂದಿಟ್ಟಿದ್ದು ನನಗೆ ಹೊಳೆದಿರಲಿಲ್ಲ. ಇನ್ನು ಅವರು ಅದನ್ನು ನಿಮ್ಮ ಮೇಲೆ ಎಸೆಯುವುದು ಕಷ್ಟ. ಆದರೆ ನೇರವಾಗಿ ಹೊಸ ಮೆಷಿನ್ ಕೇಳುವುದು ಜಾಸ್ತಿ ಆಯಿತು ಅನ್ನಿಸುತ್ತೆ. ರಿಪೇರಿ ಕೇಳಿದರೆ ಬೇಗ ಮುಗಿಯುತ್ತೆ.

ಪಾನಾ

ಇದರಲ್ಲಿ ನಾನು ಕಡತ ಅವರ ಕಡೆ. ತಗಡು, ರಬ್ಬರ್ ಬದಲಿಸುವುದು ಸುಲಭ. ಬಿಗಿದ ತೊಟ್ಟಿಯಲ್ಲಿ ಅಷ್ಟು ಸಲ ಸ್ಪಿನ್ ಆದ ಮೇಲೆ ಬೇರಿಂಗ್‌ಗೆ, ತೊಟ್ಟಿಗೆ ಕಟ್ಟಿದ ಕಾಂಕ್ರೀಟ್ ತೂಕದ ಬೋಲ್ಟ್‌ಗೆ ಏನಾಗಿದೆ ಅಂತ ಹೊರಗಿನಿಂದ ತಿಳಿಯದು. ಈಗ ಸುಮ್ಮನಿದ್ದು, ವಾರಂಟಿ ಮುಗಿದ ಮೇಲೆ ಗರಗರ ಸದ್ದು ಶುರುವಾಗಬಹುದು. ಹಾಗಂತ ಖಂಡಿತ ಕೆಟ್ಟಿದೆ ಅಂತಲೂ ಹೇಳಲಾರೆ. ತಿಂಗಳುಗಟ್ಟಲೆ ಹೀಗೇ ಓಡಿಸಿ, ಬೋಲ್ಟ್ ತೆಗೆದ ಮೇಲೆ ಏನೂ ಆಗದ ಮೆಷಿನ್‌ಗಳನ್ನೂ ನೋಡಿದ್ದೇನೆ.

ವಿನಯ್

ಹಾಗಿದ್ದರೆ ಬದಲಿ ಕೇಳಲು ಆಧಾರ ಇನ್ನೂ ಗಟ್ಟಿ ಇಲ್ಲ ಅಂತಾಯಿತಲ್ವಾ? ನಾನಾಗಿದ್ದರೆ ರಿಪೇರಿ, ಜೊತೆಗೆ ವಾರಂಟಿಯನ್ನು ಹೊಸದಾಗಿ ಶುರುಮಾಡಿ ಅಂತ ಕೇಳುತ್ತಿದ್ದೆ.

ಕಡತ

ಅದೂ ಒಂದು ದಾರಿ. ಯಾವುದನ್ನು ಕೇಳಲು ಹಕ್ಕಿದೆ ಎಂಬುದು ಅವರಿರುವ ಕಡೆಯ ಗ್ರಾಹಕ ಕಾನೂನಿನ ಮೇಲೆ ನಿಂತಿದೆ, ಅದನ್ನು ಕಳಿಸುವ ಮೊದಲು ನೋಡಿಕೊಳ್ಳಲಿ. ಒಂದನ್ನು ಆರಿಸಿ ಸ್ಪಷ್ಟವಾಗಿ ಕೇಳುವುದು ಮುಖ್ಯ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಯಾವುದು ಸೂಕ್ತ ಅಂತ ಅವರೇ ತೀರ್ಮಾನಿಸುತ್ತಾರೆ.

ಸುಮಾ

ಬದಲಿಸಿಕೊಡಿ ಅಂತಲೇ ಇಟ್ಟು ಕಳಿಸಿದೆ. ಈಮೇಲ್, ಜೊತೆಗೆ ಅಂಗಡಿಗೇ ಹೋಗಿ ಒಂದು ಪ್ರತಿ ಕೊಟ್ಟು ನನ್ನ ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಂಡೆ. ಮ್ಯಾನೇಜರ್ ಚಿತ್ರ 7 ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ಮಾಡಿ "ನಮ್ಮ ಹುಡುಗ ಬಂದು ಬೋಲ್ಟ್ ತೆಗೆದು ನೋಡುತ್ತಾನೆ, ಮೆಷಿನ್ ಸರಿಯಿದ್ದರೆ ಮುಗೀತು" ಅಂದರು. ಬರಲು ಬಿಡಬೇಕಾ?

ಕಡತ

ಬಿಡಿ. ಪರಿಶೀಲನೆಗೆ ಅಡ್ಡಿ ಮಾಡಿದರೆ ಅದು ನಿಮ್ಮ ವಿರುದ್ಧ ಹೋಗುತ್ತದೆ. ಆದರೆ ಆ ಫೋನ್ ಮಾತನ್ನು ಇಂದೇ ಈಮೇಲ್‌ನಲ್ಲಿ ಹಾಕಿ: "ಇಂದು ಫೋನ್‌ನಲ್ಲಿ ತಿಳಿಸಿದಂತೆ ನಿಮ್ಮ ಸಿಬ್ಬಂದಿ ಬೋಲ್ಟ್ ತೆಗೆದು ಪರಿಶೀಲಿಸಲು ಬರುತ್ತಾರೆ. ಪರಿಶೀಲನೆಗೆ ಒಪ್ಪಿದ್ದೇನೆ. ಬದಲಿಸಿಕೊಡಬೇಕೆಂಬ ಕೋರಿಕೆ ಹಾಗೇ ಇದೆ."

ಪಾನಾ

ಹುಡುಗ ಬಂದಾಗ ಕೆಲಸ ಶುರುಮಾಡುವ ಮೊದಲೇ ಜಾಬ್ ಶೀಟ್‌ನಲ್ಲಿ "ನಾಲ್ಕು ಟ್ರಾನ್ಸಿಟ್ ಬೋಲ್ಟ್ ಇದ್ದವು" ಅಂತ ಬರೆಸಿಕೊಳ್ಳಿ. ತೆಗೆಯುವುದನ್ನು ವಿಡಿಯೋ ಮಾಡಿ. ತೆಗೆದ ಬೋಲ್ಟ್‌ಗಳನ್ನು ನೀವೇ ಇಟ್ಟುಕೊಳ್ಳಿ. ಮುಂದೆ ಮೆಷಿನ್ ಸಾಗಿಸುವಾಗಲೂ ಅವು ಬೇಕು.

ಬೋಲ್ಟ್ ತೆಗೆದ ಮೇಲೆ ಪ್ಲಗ್ ಹಾಕದೆಯೇ ಎರಡು ಪರೀಕ್ಷೆ ಮಾಡಿಸಿ. ಡ್ರಮ್ ಅನ್ನು ಕೈಯಿಂದ ನಿಧಾನವಾಗಿ ಸುತ್ತಿಸಿ ಕಿವಿಗೊಡಿ, ಗರಗರ ಅಂದರೆ ಬೇರಿಂಗ್ ಹೋಗಿದೆ. ಆಮೇಲೆ ಡ್ರಮ್‌ನ ಮುಂದಿನ ಅಂಚು ಹಿಡಿದು ಎತ್ತಿ ನೋಡಿ. ತೊಟ್ಟಿಯೂ ಜೊತೆಗೇ ಎದ್ದರೆ ಸರಿ. ಡ್ರಮ್ ಮಾತ್ರ ಮೇಲೆದ್ದು ರಬ್ಬರ್ ಹತ್ತಿರದ ಸಂದು ಹೆಚ್ಚು ಕಡಿಮೆ ಆದರೆ ಬೇರಿಂಗ್ ಸಡಿಲ. ಮೇಲಿನ ಮುಚ್ಚಳ ತೆಗೆಸಿ ಕಾಂಕ್ರೀಟ್ ತೂಕದಲ್ಲಿ ಬಿರುಕು ಇದೆಯಾ ಅಂತಲೂ ನೋಡಲು ಹೇಳಿ. ಏನು ಕಂಡಿತೋ ಅದನ್ನು ಜಾಬ್ ಶೀಟ್‌ನಲ್ಲಿ ಬರೆಯದೆ ನೀವು ಸಹಿ ಹಾಕಬೇಡಿ. ರಬ್ಬರ್ ಬದಲಿಸುವವರೆಗೂ ನೀರು ಬಿಟ್ಟು ಓಡಿಸಲು ಒಪ್ಪಬೇಡಿ.

ಗೀತಾ ಎಸ್.

ಸುಮಾ, ಮೆಕ್ಯಾನಿಕ್ ಏನು ಬರೆದುಕೊಟ್ಟರು ಅಂತ ಇಲ್ಲೇ ಹಾಕಿ. ನಾನು ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿ ತೆಗೆದೆ, ನಕಲು ಬಿಲ್‌ಗೆ ನಾಳೆ ಪತ್ರ ಕೊಡುತ್ತಿದ್ದೇನೆ.

ಸುಮಾ

ಖಂಡಿತ ಹಾಕುತ್ತೇನೆ. ಶನಿವಾರ ಬರುತ್ತಾರಂತೆ. ಈಮೇಲ್ ಈಗಷ್ಟೇ ಕಳಿಸಿದೆ.